ಟಿವಿಯ ಬೆನ್ನಿನ ಚೌಕ ತೂತು

ಟಿವಿಯ ಹಿಂಭಾಗದಲ್ಲಿ, ಎಚ್‌ಡಿಎಂಐ ಸಾಕೆಟ್ಟುಗಳ ಪಕ್ಕದಲ್ಲಿ, ಪುಟ್ಟ ಬಾಗಿಲಿರುವ ಒಂದು ಚೌಕ ತೂತು ಇರುತ್ತದೆ. ಸುತ್ತ OPTICAL ಎಂದು ಬರೆದಿರುತ್ತಾರೆ. ಟಿವಿ ಹಾಕಿದಾಗ ಆ ಬಾಗಿಲಿನ ಸಂದಿಯಿಂದ ಕೆಂಪು ಬೆಳಕು ಇಣುಕುತ್ತದೆ. ಅಲ್ಲಿಂದ ಹೊರಬರುತ್ತಿರುವುದೇ ಧ್ವನಿ. ಎಲ್‌ಇಡಿಯೊಂದು ಕಣ್ಣಿಗೆ ಕಾಣದಷ್ಟು ವೇಗವಾಗಿ ಹೊತ್ತಿ ಆರುತ್ತ ಟಿವಿಯ ಮಾತು, ಸಂಗೀತವನ್ನೆಲ್ಲ ಸೊನ್ನೆ ಒಂದುಗಳಾಗಿ ಕಳುಹಿಸುತ್ತದೆ. ಕೇಬಲ್ಲಿನ ಒಳಗೆ ತಾಮ್ರ ಇಲ್ಲ, ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ ಇದೆ.

ಇದನ್ನು ತಂದದ್ದು ಜಪಾನಿನ ತೋಷಿಬಾ ಕಂಪನಿ, 1983ರಲ್ಲಿ. ಆಗಷ್ಟೇ ಬಂದಿದ್ದ ತನ್ನ ಸಿಡಿ ಪ್ಲೇಯರುಗಳನ್ನು ಆಂಪ್ಲಿಫೈಯರಿಗೆ ಜೋಡಿಸಲು ಅದು ಈ ದಾರಿ ಮಾಡಿಕೊಂಡಿತು. ಹಾಗಾಗಿ ಟಾಸ್‌ಲಿಂಕ್ ಎಂಬ ಹೆಸರು. ಬೆಳಕಿನಲ್ಲಿ ಓಡುವ ಸಂಕೇತದ ವ್ಯವಸ್ಥೆ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳದ್ದು, ಅದಕ್ಕೆ ಎಸ್‌ಪಿಡಿಐಎಫ್ ಎನ್ನುತ್ತಾರೆ. ಅದನ್ನು ಕಟ್ಟಿದ್ದು ಎರಡು ಚಾನೆಲ್ಲಿನ ಧ್ವನಿಗಾಗಿ. ಈ ಕೇಬಲ್ಲಿನ ಬಲ ಮತ್ತು ಮಿತಿ ಎರಡೂ ಇರುವುದು ಅಲ್ಲಿಯೇ.

ಟಿವಿ ಧ್ವನಿಯ ಸಾಮಾನ್ಯ ದರವಾದ 48 ಕಿಲೊಹರ್ಟ್ಸ್‌ನಲ್ಲಿ ಈ ವ್ಯವಸ್ಥೆ ಸೆಕೆಂಡಿಗೆ ಸುಮಾರು 31 ಲಕ್ಷ ಬಿಟ್ ಸಾಗಿಸುತ್ತದೆ. ಎಡ ಬಲ ಎರಡೂ ಚಾನೆಲ್ಲುಗಳ ಧ್ವನಿ, ಚೂರೂ ಹಿಂಡದೆ, ಅದರಲ್ಲಿ ಆರಾಮವಾಗಿ ಹೋಗುತ್ತದೆ. ಸುತ್ತ ಐದು ಸ್ಪೀಕರು, ಒಂದು ಸಬ್‌ವೂಫರು ಇರುವ 5.1 ಧ್ವನಿಯ ಲೆಕ್ಕ ಬೇರೆ. ಆರು ಚಾನೆಲ್, ಪ್ರತಿ ಚಾನೆಲ್ಲಿಗೆ 24 ಬಿಟ್, ಸೆಕೆಂಡಿಗೆ 48,000 ಸಲ ಎಂದರೆ ಸುಮಾರು 69 ಲಕ್ಷ ಬಿಟ್. ಅದು ಇಲ್ಲಿ ಹಿಡಿಯುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಡಾಲ್ಬಿ ಡಿಜಿಟಲ್, ಡಿಟಿಎಸ್ ಎಂಬ ಹಿಂಡಿದ ರೂಪಗಳು. ಡಾಲ್ಬಿ ಡಿಜಿಟಲ್ ಹೆಚ್ಚೆಂದರೆ 6.4 ಲಕ್ಷ ಬಿಟ್‌ನಲ್ಲಿ ಆರೂ ಚಾನೆಲ್ಲುಗಳನ್ನು ತುಂಬಿಕೊಡುತ್ತದೆ, ಆ ಕಡೆಯ ಸೌಂಡ್‌ಬಾರ್ ಅದನ್ನು ಬಿಚ್ಚಿಕೊಳ್ಳುತ್ತದೆ. ಡಿವಿಡಿ ಕಾಲಕ್ಕೆ ಇಷ್ಟು ಸಾಕಾಗಿತ್ತು.

ಈಗಿನ ತೊಡಕು ಒಟಿಟಿಯದು. ನೆಟ್‌ಫ್ಲಿಕ್ಸ್‌ನಂಥವು ಕಳುಹಿಸುವುದು ಡಾಲ್ಬಿ ಡಿಜಿಟಲ್ ಪ್ಲಸ್, ಆಟ್ಮಾಸ್ ಧ್ವನಿ ಬರುವುದೂ ಅದರ ಒಳಗೇ. ಅದರ ಗಾತ್ರ ಕೇವಲ 7.68 ಲಕ್ಷ ಬಿಟ್. ಇಷ್ಟು ಸಣ್ಣದು 31 ಲಕ್ಷದ ದಾರಿಯಲ್ಲಿ ಹೋಗಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ರೂಪವನ್ನು ಸಾಗಿಸಲು ನಿಗದಿಯಾಗಿರುವ ಚೌಕಟ್ಟು ಮಾಮೂಲಿಗಿಂತ ನಾಲ್ಕು ಪಟ್ಟು ವೇಗ ಕೇಳುತ್ತದೆ. ಮನೆಯ ಆಪ್ಟಿಕಲ್ ಸಾಕೆಟ್ಟು ಅಷ್ಟು ವೇಗಕ್ಕೆ ಮಾಡಿದ್ದಲ್ಲ. ಹಾಗಾಗಿ ಟಿವಿಯೇ ಅದನ್ನು ಹಳೆಯ ಡಾಲ್ಬಿ ಡಿಜಿಟಲ್‌ಗೆ ಬದಲಿಸಿ ಕಳುಹಿಸುತ್ತದೆ, ಇಲ್ಲವೇ ಎರಡೇ ಚಾನೆಲ್ಲಿಗೆ ಇಳಿಸುತ್ತದೆ. ಆಟ್ಮಾಸ್ ಅಲ್ಲಿಗೆ ಮುಗಿಯಿತು.

ಪರಿಚಯದವರ ಮನೆಯಲ್ಲಿ ನೋಡಿದ್ದು ಹೇಳುತ್ತೇನೆ. ದೀಪಾವಳಿಗೆ 5.1 ಸೌಂಡ್‌ಬಾರ್ ತಂದಿದ್ದರು, ಹಿಂದಿನ ಎರಡು ಸ್ಪೀಕರುಗಳು ಬಾಯಿಯನ್ನೇ ಬಿಡುತ್ತಿರಲಿಲ್ಲ. ಅಂಗಡಿಯಲ್ಲಿ ಸ್ಪೀಕರ್ ಬದಲಿಸಿಕೊಡುತ್ತೇವೆ ಎಂದಿದ್ದರಂತೆ. ಕೆಟ್ಟದ್ದು ಸ್ಪೀಕರಲ್ಲ. ಆಪ್ಟಿಕಲ್ ಕೇಬಲ್ ಸರಿಯಾಗಿ ಕೂತಿತ್ತು, ಸಿನಿಮಾ ಹಾಕಿದಾಗ ಸೌಂಡ್‌ಬಾರಿನ ಡಿಸ್‌ಪ್ಲೇಯಲ್ಲಿ PCM ಎಂದು ಬರುತ್ತಿತ್ತು. ಅಂದರೆ ಟಿವಿ ಎರಡೇ ಚಾನೆಲ್ ಕಳುಹಿಸುತ್ತಿದೆ ಎಂದರ್ಥ. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬ ಸೆಟ್ಟಿಂಗ್ ಇತ್ತು. ಅದನ್ನು PCM ಇಂದ Auto ಮಾಡಿದ ಕೂಡಲೇ ಡಿಸ್‌ಪ್ಲೇಯಲ್ಲಿ ಡಾಲ್ಬಿ ಹೆಸರು ಬಂತು, ಹಿಂದಿನ ಸ್ಪೀಕರುಗಳೂ ನುಡಿದವು. ಕೆಲವು ಟಿವಿಗಳಲ್ಲಿ ಇದೇ ಸೆಟ್ಟಿಂಗಿಗೆ Bitstream ಅಥವಾ Pass Through ಎಂಬ ಹೆಸರಿರುತ್ತದೆ. ಎದುರಿಗಿರುವುದು ಡಾಲ್ಬಿ ಬಿಚ್ಚಲು ಬಾರದ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಆದರೆ ಉಲ್ಟಾ ಮಾಡಬೇಕು. ಅಲ್ಲಿ PCM ಇಡದಿದ್ದರೆ ಮೌನ, ಇಲ್ಲವೇ ಕರಕರ ಸದ್ದು.

ಅವರ ಮನೆಯಲ್ಲಿ ಇನ್ನೊಂದು ದೂರು ಉಳಿದಿತ್ತು. ವಾಲ್ಯೂಮಿಗೆ ಒಂದು ರಿಮೋಟು, ಚಾನೆಲ್ಲಿಗೆ ಇನ್ನೊಂದು, ವಯಸ್ಸಾದ ಅಜ್ಜಿಗೆ ಯಾವುದು ಯಾವುದಕ್ಕೆಂದು ಹೊಳೆಯುತ್ತಿರಲಿಲ್ಲ. ಆಪ್ಟಿಕಲ್‌ನಲ್ಲಿ ಬೆಳಕು ಹೋಗುವುದು ಒಂದೇ ದಿಕ್ಕಿಗೆ, ಅದರಲ್ಲಿ ಇರುವುದು ಧ್ವನಿ ಮಾತ್ರ. ವಾಲ್ಯೂಮ್ ಏರಿಸು ಎಂಬ ಆಜ್ಞೆಗೆ ಅಲ್ಲಿ ಸಾಮಾನ್ಯವಾಗಿ ದಾರಿ ಇಲ್ಲ. ಇದಕ್ಕೆ ಪರಿಹಾರ 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದ ಎಆರ್‌ಸಿ, ಅಂದರೆ ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್ಲಿನಲ್ಲೇ ಸೌಂಡ್‌ಬಾರಿಗೆ ತಿರುಗಿ ಕಳುಹಿಸುವ ವ್ಯವಸ್ಥೆ. ಆಜ್ಞೆ ಸಾಗಿಸುವ ಸಿಇಸಿ ತಂತಿಯೂ ಅದೇ ಕೇಬಲ್ಲಿನಲ್ಲಿದೆ, ಹಾಗಾಗಿ ಟಿವಿ ರಿಮೋಟೇ ಎಲ್ಲಕ್ಕೂ ಸಾಕು.

ಜೋಡಿಸುವಾಗ ಸಾಮಾನ್ಯವಾಗಿ ಎಡವುವುದು ಸಾಕೆಟ್ಟಿನಲ್ಲಿ. ಟಿವಿಯ ಎಲ್ಲ ಎಚ್‌ಡಿಎಂಐ ಸಾಕೆಟ್ಟುಗಳಲ್ಲೂ ಈ ಸೌಲಭ್ಯ ಇರುವುದಿಲ್ಲ, ಬಹುಪಾಲು ಟಿವಿಗಳಲ್ಲಿ ARC ಎಂದು ಬರೆದ ಒಂದೇ ಒಂದು ಇರುತ್ತದೆ. ಇವರ ಮನೆಯಲ್ಲಿ ಅದರಲ್ಲೇ ಸೆಟ್‌ಟಾಪ್ ಬಾಕ್ಸ್ ಕೂತಿತ್ತು. ಅದನ್ನು ಪಕ್ಕದ ಸಾಕೆಟ್ಟಿಗೆ ಸರಿಸಿ, ಸೌಂಡ್‌ಬಾರನ್ನು ಅಲ್ಲಿಗೆ ಜೋಡಿಸಿ, ಮೆನುವಿನಲ್ಲಿ ಸಿಇಸಿ ಆನ್ ಮಾಡಬೇಕಾಯಿತು. ಸ್ಯಾಮ್ಸಂಗ್ ಟಿವಿಯಲ್ಲಿ ಅದರ ಹೆಸರು Anynet+, ಎಲ್‌ಜಿಯಲ್ಲಿ SIMPLINK, ಸೋನಿಯಲ್ಲಿ BRAVIA Sync. ಆಮೇಲೂ ಸದ್ದು ಬರದಿದ್ದರೆ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕಿದರೆ ಎಷ್ಟೋ ಸಲ ಒಂದನ್ನೊಂದು ಗುರುತು ಹಿಡಿಯುತ್ತವೆ.

ಮಾರಾಟಗಾರರು ಹೇಳದ ಸಂಗತಿ ಒಂದಿದೆ. ಎಆರ್‌ಸಿ ಸಾಗಿಸುವುದು ಮೂಲತಃ ಅದೇ ಎಸ್‌ಪಿಡಿಐಎಫ್ ಸಂಕೇತವನ್ನು. ಸ್ಟೀರಿಯೊ ಅಥವಾ ಹಳೆಯ ಡಾಲ್ಬಿ ಡಿಜಿಟಲ್ ಕೇಳುವವರಿಗೆ ಆಪ್ಟಿಕಲ್ಲಿಗೂ ಎಆರ್‌ಸಿಗೂ ಧ್ವನಿಯಲ್ಲಿ ವ್ಯತ್ಯಾಸ ಇಲ್ಲ. ಅನೇಕ ಟಿವಿಗಳು ಎಆರ್‌ಸಿಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ ಕಳುಹಿಸುತ್ತವೆ, ಆದ್ದರಿಂದ ಒಟಿಟಿಯ ಆಟ್ಮಾಸ್ ಸಿಗುತ್ತದೆ. ನಿಜವಾದ ಜಿಗಿತ ಆದದ್ದು 2017ರಲ್ಲಿ ಎಚ್‌ಡಿಎಂಐ 2.1ರೊಂದಿಗೆ ಬಂದ ಇಎಆರ್‌ಸಿಯಲ್ಲಿ. ಅದರ ಸಾಮರ್ಥ್ಯ ಸೆಕೆಂಡಿಗೆ ಸುಮಾರು 3.7 ಕೋಟಿ ಬಿಟ್. ಎಂಟು ಚಾನೆಲ್ಲಿನ ಹಿಂಡದ ಧ್ವನಿ, ಬ್ಲೂರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ ಎಲ್ಲವೂ ಹೋಗುತ್ತವೆ. ತುಟಿ ಚಲನೆಗೂ ಮಾತಿಗೂ ಹೊಂದಾಣಿಕೆ ತಪ್ಪಿದಾಗ ತಾನೇ ಸರಿಪಡಿಸಿಕೊಳ್ಳುವ ಏರ್ಪಾಡೂ ಅದರಲ್ಲಿದೆ. ಆದರೆ ಟಿವಿ, ಸೌಂಡ್‌ಬಾರ್ ಎರಡರಲ್ಲೂ eARC ಇರಲೇಬೇಕು. ಒಂದರಲ್ಲಿ ಇಲ್ಲದಿದ್ದರೆ ಮಾಮೂಲಿ ಎಆರ್‌ಸಿಗೆ ಇಳಿಯುತ್ತದೆ.

ಆಪ್ಟಿಕಲ್ಲನ್ನು ಬಿಡಬಾರದ ಜಾಗವೂ ಇದೆ. ಸ್ಪೀಕರಿನಲ್ಲಿ ಸದಾ ಗುಂಯ್ ಎಂಬ ಸದ್ದಿದ್ದರೆ, ಬೇರೆ ಬೇರೆ ಪ್ಲಗ್ಗಿನಲ್ಲಿರುವ ಎರಡು ಯಂತ್ರಗಳ ಅರ್ಥಿಂಗ್ ತಂತಿಯ ಮೂಲಕ ಒಂದಕ್ಕೊಂದು ಸೇರಿರುವುದು ಅದಕ್ಕೆ ಕಾರಣ ಇರಬಹುದು. ಪ್ಲಾಸ್ಟಿಕ್ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಆ ಸಂಪರ್ಕವೇ ಕಡಿದುಹೋಗುತ್ತದೆ. ಎಚ್‌ಡಿಎಂಐ ಇಲ್ಲದ ಹಳೆಯ ಒಳ್ಳೆಯ ಆಂಪ್ಲಿಫೈಯರುಗಳಿಗೂ ಇದೇ ಗತಿ.

ಕೇಬಲ್ ಹಾಕುವಾಗ ತುದಿಯ ಪ್ಲಾಸ್ಟಿಕ್ ಟೋಪಿ ತೆಗೆಯಿರಿ, ಧ್ವನಿ ಬರಲಿಲ್ಲ ಎಂದು ದೂರುವ ಹಲವರು ಮರೆತಿರುವುದು ಅದನ್ನೇ. ಪ್ಲಗ್ಗಿನ ಎರಡು ಮೂಲೆ ಕತ್ತರಿಸಿದಂತಿರುತ್ತವೆ, ಸಾಕೆಟ್ಟಿನ ಆಕಾರಕ್ಕೆ ಹೊಂದಿಸಿ ಟಕ್ ಎನ್ನುವವರೆಗೆ ಒತ್ತಿ. ಚೂಪಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದೆ, ಐದು ಮೀಟರಿಗಿಂತ ಉದ್ದವಾದರೆ ಮಂಕಾಗುತ್ತ ಹೋಗುತ್ತದೆ. ಒಂದು ತುದಿಯನ್ನು ಟಿವಿಗೆ ಹಾಕಿ ಇನ್ನೊಂದು ತುದಿಯನ್ನು ಅಂಗೈ ಮೇಲೆ ಹಿಡಿದರೆ ಕೆಂಪು ಚುಕ್ಕೆ ಬೀಳಬೇಕು. ಬಿದ್ದರೆ ಕೇಬಲ್ ಬಹುತೇಕ ಸರಿಯಿದೆ, ತಪ್ಪು ಸೆಟ್ಟಿಂಗಿನಲ್ಲಿ ಹುಡುಕಿ. ಚಿನ್ನದ ಲೇಪನದ ಆಪ್ಟಿಕಲ್ ಕೇಬಲ್ಲಿಗೆ ಮಾತ್ರ ದುಡ್ಡು ಸುರಿಯಬೇಡಿ, ಬೆಳಕಿಗೆ ಚಿನ್ನದಿಂದ ಏನೂ ಆಗಬೇಕಾದ್ದಿಲ್ಲ.