ಗೋಡೆ ತಡೆದ ಸೆಕೆ ಪಿಲ್ಲರ್‌ನಿಂದ ಒಳಗೆ

ಕಲಬುರಗಿ, ರಾಯಚೂರಿನ ಕಡೆ ಈಗ ಕಟ್ಟುವ ಮನೆಗಳಲ್ಲಿ ಇಟ್ಟಿಗೆಯ ಬದಲು ಹಗುರವಾದ ಎಎಸಿ ಬ್ಲಾಕ್ ಬಳಸುವವರು ಹೆಚ್ಚುತ್ತಿದ್ದಾರೆ. ಬ್ಲಾಕಿನ ತುಂಬ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳಿರುವುದರಿಂದ ಅದು ಬಿಸಿಲ ಶಾಖವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ನಮ್ಮ ಮನೆಗಳ ಹೊರಮೈ ಬರೀ ಬ್ಲಾಕಿನದಲ್ಲ. ಮನೆಯ ಭಾರ ಹೊರುವುದು ಕಾಂಕ್ರೀಟಿನ ಪಿಲ್ಲರ್ ಮತ್ತು ಬೀಮ್. ಬ್ಲಾಕ್ ಅವುಗಳ ನಡುವಿನ ಜಾಗ ತುಂಬುತ್ತದೆ, ಅಷ್ಟೆ. ಕಾಂಕ್ರೀಟ್ ಮಾತ್ರ ಹೊರಗಿನಿಂದ ಒಳಗಿನವರೆಗೆ ಎಲ್ಲೂ ತುಂಡಾಗದೆ ಹಾಯ್ದಿರುತ್ತದೆ. ಶಾಖ ಸುಲಭವಾಗಿ ದಾಟುವ ಇಂಥ ದಾರಿಯನ್ನು ಕಟ್ಟಡ ತಜ್ಞರು ಉಷ್ಣ ಸೇತುವೆ ಎನ್ನುತ್ತಾರೆ.

ಒಂದೇ ದಪ್ಪದ ಬ್ಲಾಕ್ ಮತ್ತು ಕಾಂಕ್ರೀಟನ್ನು ಹೋಲಿಸಿದರೆ, ಕಾಂಕ್ರೀಟ್ ಸುಮಾರು ಒಂಬತ್ತು ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ಒಳಗಿನ ಕಬ್ಬಿಣದಿಂದ ಇದು ಇನ್ನಷ್ಟು ಏರುತ್ತದೆ. ಇದರ ಪರಿಣಾಮ ಎಷ್ಟೆಂದು ತಿಳಿಯಲು ಒಂದು ಗೋಡೆಯ ಲೆಕ್ಕ ಹಾಕೋಣ.

4 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆ. ಅದರಲ್ಲಿ 30 ಸೆಂಟಿಮೀಟರ್ ಅಗಲದ ಒಂದು ಪಿಲ್ಲರ್, ಮೇಲೆ 45 ಸೆಂಟಿಮೀಟರ್ ಎತ್ತರದ ಬೀಮ್. ಉಳಿದದ್ದೆಲ್ಲ 20 ಸೆಂಟಿಮೀಟರ್ ದಪ್ಪದ ಬ್ಲಾಕ್, ಎರಡೂ ಕಡೆ ಪ್ಲಾಸ್ಟರ್. ಲೆಕ್ಕ ಸರಳವಾಗಲೆಂದು ಕಾಂಕ್ರೀಟಿನ ದಪ್ಪವೂ ಅಷ್ಟೇ ಎಂದುಕೊಳ್ಳೋಣ. ಆಗ ಗೋಡೆಯ ಐದನೇ ಒಂದು ಭಾಗ ಕಾಂಕ್ರೀಟ್. ಹೊರಗೆ 40 ಡಿಗ್ರಿ, ಒಳಗೆ 30 ಡಿಗ್ರಿ ಇದ್ದರೆ ಬ್ಲಾಕಿನ ಮೂಲಕ ಸುಮಾರು 72 ವ್ಯಾಟ್ ಶಾಖ ಒಳಬರುತ್ತದೆ. ಆ ಐದನೇ ಒಂದು ಭಾಗದ ಕಾಂಕ್ರೀಟಿನಿಂದ ಬರುವುದು 77 ವ್ಯಾಟ್! ಇಡೀ ಗೋಡೆ ಬ್ಲಾಕಿನದೇ ಆಗಿದ್ದರೆ ಬರಬೇಕಾದದ್ದು 91 ವ್ಯಾಟ್. ಈಗ ಬರುತ್ತಿರುವುದು 149.

ಸೆಕೆ ತಡೆಯಲಾರದ ಮನೆಯವರು ಇನ್ನಷ್ಟು ಖರ್ಚು ಮಾಡುತ್ತಾರೆ. ಪಿಲ್ಲರ್‌ಗಳ ನಡುವೆ, ಬೀಮಿನ ಕೆಳಗೆ 5 ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಹಲಗೆ ಕೂಡಿಸಿ ಮುಚ್ಚುತ್ತಾರೆ. ಬ್ಲಾಕಿನ ಭಾಗದಿಂದ ಬರುವ ಶಾಖ 72ರಿಂದ 34 ವ್ಯಾಟಿಗೆ ಇಳಿಯುತ್ತದೆ. ಹಲಗೆ ಮಾರಿದವರು ಈ ಅಂಕಿಯನ್ನೇ ತೋರಿಸಿ, ಶಾಖ ಅರ್ಧಕ್ಕಿಂತ ಕಡಿಮೆಯಾಯಿತು ಎನ್ನುತ್ತಾರೆ. ಆದರೆ ಕಾಂಕ್ರೀಟಿನ 77 ವ್ಯಾಟ್ ಹಾಗೇ ಉಳಿದಿದೆ. ಒಟ್ಟು 111. ಅಂದರೆ ಗೋಡೆಗೆ ನಿಜವಾಗಿ ಸಿಕ್ಕ ಲಾಭ ಕಾಲು ಭಾಗ ಮಾತ್ರ. ನಡುವೆ ಹಲಗೆಯ ದಪ್ಪವನ್ನು ಎಷ್ಟು ಹೆಚ್ಚಿಸಿದರೂ ಆ 77ರ ಕೆಳಗೆ ಇಳಿಯುವಂತಿಲ್ಲ.

ಅದೇ ಹಲಗೆಯನ್ನು ಹೊರಗಿನಿಂದ ಪಿಲ್ಲರ್, ಬೀಮ್ ಎಲ್ಲವನ್ನೂ ಸೇರಿಸಿ ಹೊದಿಸಿದರೆ ಕಾಂಕ್ರೀಟಿನ ಪಾಲು 15 ವ್ಯಾಟಿಗೆ ಕುಸಿಯುತ್ತದೆ, ಒಟ್ಟು 49. ಹೆಚ್ಚಿಗೆ ಬೇಕಾದದ್ದು ಸುಮಾರು ಕಾಲು ಭಾಗದಷ್ಟು ಹಲಗೆ. ಹೊದಿಕೆ ಎಲ್ಲೂ ಕಡಿಯಬಾರದು ಎಂಬುದು ಇದಕ್ಕೇ. ಹೊರಗೆ ಅಂಟಿಸಿದ ಹಲಗೆಯ ಮೇಲೆ ಗಾಜಿನ ನಾರಿನ ಜಾಲರಿ ಹಾಕಿ ತೆಳುವಾಗಿ ಪ್ಲಾಸ್ಟರ್ ಮಾಡಬೇಕು. ಥರ್ಮಾಕೋಲ್ ಬೆಂಕಿಗೆ ಬೇಗ ತುತ್ತಾಗುತ್ತದೆ, ಆದ್ದರಿಂದ ಎತ್ತರದ ಕಟ್ಟಡಗಳಿಗೆ ಕಲ್ಲಿನ ಉಣ್ಣೆಯ ಹಲಗೆಯೇ ಲೇಸು.

ಈ ಲೆಕ್ಕದಲ್ಲಿ ಬಿಟ್ಟುಹೋದ ಸಂಗತಿಗಳೂ ಇವೆ. ಪಡುವಣ ಗೋಡೆಯ ಹೊರಮೈ ಬಿಸಿಲಿಗೆ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಸಜ್ಜಾ ಮತ್ತು ಬಾಲ್ಕನಿಯ ಸ್ಲ್ಯಾಬ್ ಹೊದಿಕೆಯನ್ನು ಸೀಳಿಕೊಂಡು ಒಳಗಿನ ಬೀಮಿಗೆ ಸೇರುತ್ತವೆ, ಹಾಗಾಗಿ ಅಲ್ಲಿ ಶಾಖದ ದಾರಿ ಪೂರ್ತಿ ಮುಚ್ಚುವುದಿಲ್ಲ. ಬಾಲ್ಕನಿ ಸೇರುವ ಕಡೆ ಶಾಖ ತಡೆಯುವ ಬಿಲ್ಲೆಯನ್ನು ಕಬ್ಬಿಣದ ಜತೆಯೇ ಕೂಡಿಸುವ ಪದ್ಧತಿ ಯುರೋಪಿನಲ್ಲಿದೆ. ಇನ್ನು ಮಾಳಿಗೆ ಬಯಲಾಗಿ ಬಿಸಿಲು ಕುಡಿಯುತ್ತಿದ್ದರೆ, ಮೊದಲು ಖರ್ಚು ಮಾಡಬೇಕಾದದ್ದು ಅಲ್ಲಿಗೆ. ಕಿಟಕಿಗೆ ನೆರಳಿಲ್ಲದಿದ್ದರೂ ಹಾಗೆಯೇ.

ನಿಮ್ಮ ಮನೆಯಲ್ಲಿ ಸೇತುವೆ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡುವುದು ಕಷ್ಟವಲ್ಲ. ಮಧ್ಯಾಹ್ನದ ಬಿಸಿ 20 ಸೆಂಟಿಮೀಟರ್ ಕಾಂಕ್ರೀಟ್ ದಾಟಲು ಸುಮಾರು ಐದು ಗಂಟೆ ಬೇಕು. ಹಾಗಾಗಿ ಬೇಸಿಗೆಯಲ್ಲಿ ರಾತ್ರಿ ಎಂಟು, ಒಂಬತ್ತರ ಹೊತ್ತಿಗೆ ಪಡುವಣ ಗೋಡೆಯ ಒಳಮೈ ಮುಟ್ಟಿ: ಮೊದಲು ಬ್ಲಾಕಿನ ಭಾಗ, ಆಮೇಲೆ ಪಿಲ್ಲರ್. ದೂರದಿಂದಲೇ ಬಿಸಿ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ವ್ಯತ್ಯಾಸ ಅಂಕಿಯಲ್ಲೇ ಸಿಗುತ್ತದೆ.

ಹೊರಗೆ ಪೂರ್ತಿ ಹೊದಿಸಲು ಹಣವಿಲ್ಲದವರು ಕಟ್ಟುವ ಮೊದಲೇ ಎಂಜಿನಿಯರ್ ಬಳಿ ಒಂದು ಮಾತು ಕೇಳಬಹುದು. ಪಿಲ್ಲರ್ ಮತ್ತು ಬೀಮನ್ನು ಗೋಡೆಯ ಹೊರಮೈಯಿಂದ 5 ಸೆಂಟಿಮೀಟರ್ ಒಳಗೆ ಸರಿಸಿ, ಆ ಜಾಗಕ್ಕೆ ತೆಳು ಬ್ಲಾಕ್ ಅಂಟಿಸಲು ಸಾಧ್ಯವೇ ಎಂದು. ಕಾಂಕ್ರೀಟಿನ ದಪ್ಪ ಅಷ್ಟೇ ಉಳಿಸಿಕೊಂಡರೆ, ನಮ್ಮ ಲೆಕ್ಕದ 77 ವ್ಯಾಟ್ ಸುಮಾರು 42ಕ್ಕೆ ಇಳಿಯುತ್ತದೆ. ಆದರೆ ಪಿಲ್ಲರ್‌ಗಳ ಜಾಗ ಗುರುತು ಹಾಕುವಾಗಲೇ ಇದು ತೀರ್ಮಾನವಾಗಬೇಕು.