ಕಟ್ಟಡ ಸಾಮಗ್ರಿಗಳ ಸಮೀಪ ಛಾಯಾಗ್ರಹಣ

ಕಟ್ಟಡ ಸಾಮಗ್ರಿಗಳ ಸಮೀಪ ಛಾಯಾಗ್ರಹಣ ಎಂದರೆ ಅಮೃತಶಿಲೆ, ಗ್ರಾನೈಟ್ ಮತ್ತು ಮರದ ಮೇಲ್ಮೈಯನ್ನು ಮಾರಾಟದ ಕೈಪಿಡಿಗಾಗಿ (ಕ್ಯಾಟಲಾಗ್) ಹತ್ತಿರದಿಂದ, ನಿಜಬಣ್ಣ ಕೆಡದಂತೆ ಚಿತ್ರಿಸುವ ಕ್ರಮ. ಇದಕ್ಕೆ ಮ್ಯಾಕ್ರೋ ಮಸೂರವನ್ನು ಬಳಸುತ್ತಾರೆ. ಬಣ್ಣ ತಪ್ಪಿದರೆ ನಷ್ಟ ಗ್ರಾಹಕನದು: ಚಿತ್ರ ನೋಡಿ ತರಿಸಿದ ಹಲಗೆ ಮನೆಯಲ್ಲಿರುವ ಹಳೆಯ ಬಾಗಿಲಿಗೆ ಹೊಂದುವುದಿಲ್ಲ, ಕೊಯ್ದ ಮರವನ್ನು ಹಿಂತಿರುಗಿಸಲೂ ಆಗುವುದಿಲ್ಲ.

== ಮಲೆನಾಡಿನ ಬೆಳಕು ==

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಮೊದಲ ತೊಡಕು ಬೆಳಕಿನದೇ. ಅಡಿಕೆ ತೋಟದ ನೆರಳಿನಲ್ಲಿ ಬೀಳುವ ಬೆಳಕು ಎಲೆಗಳನ್ನು ಹಾದು ಬರುವುದರಿಂದ ಹಸಿರು ಛಾಯೆ ಹೊಂದಿರುತ್ತದೆ. ಮಳೆಗಾಲದ ಮೋಡದ ಬೆಳಕು ನೀಲಿಯತ್ತ ವಾಲುತ್ತದೆ. ಕಣ್ಣು ಇವೆರಡಕ್ಕೂ ಬೇಗನೆ ಒಗ್ಗಿಕೊಳ್ಳುವುದರಿಂದ ದೋಷ ತಿಳಿಯದು. ಕ್ಯಾಮೆರಾ ಮಾತ್ರ ಅದನ್ನು ಹಾಗೆಯೇ ದಾಖಲಿಸುತ್ತದೆ.

ಪರಿಹಾರ ಸರಳವಾದುದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದೇ ಬಗೆಯ ಎರಡು ದೀಪಗಳನ್ನು ಮಾದರಿಯ ಎರಡು ಪಕ್ಕಗಳಲ್ಲಿ 45 ಡಿಗ್ರಿ ಕೋನದಲ್ಲಿ ಇರಿಸುತ್ತಾರೆ. ಮೊದಲ ಚಿತ್ರದಲ್ಲಿ ಮಾದರಿಯ ಪಕ್ಕದಲ್ಲಿ 24 ಚೌಕಗಳ ಬಣ್ಣದ ಪಟ್ಟಿಯನ್ನು ಇಡುತ್ತಾರೆ. 1976ರಲ್ಲಿ ಪರಿಚಯಗೊಂಡ ಈ ಪಟ್ಟಿಯ ಪ್ರತಿ ಚೌಕದ ಬಣ್ಣವೂ ಅಳೆದು ಗೊತ್ತಾದುದು. ತಂತ್ರಾಂಶದಲ್ಲಿ ಬೂದು ಚೌಕದ ಕೆಂಪು, ಹಸಿರು, ನೀಲಿ ಅಂಕಿಗಳು ಸಮನಾಗಿರಬೇಕು. ಅವು 150, 162, 148 ಎಂದು ಬಂದರೆ ಹಸಿರು ಸೇರಿದೆ ಎಂದರ್ಥ. ಬೂದು ಚೌಕವನ್ನು ಸಮಗೊಳಿಸಿದ ಮೇಲೆ ಅದೇ ತಿದ್ದುಪಡಿಯನ್ನು ಅದೇ ದೀಪದಡಿ ತೆಗೆದ ಉಳಿದ ಚಿತ್ರಗಳಿಗೂ ಅನ್ವಯಿಸುತ್ತಾರೆ. ಚಿತ್ರಗಳನ್ನು ಕ್ಯಾಮೆರಾ ತಾನೇ ತಿದ್ದದ ‘ರಾ’ ಕಡತಗಳಾಗಿ ಉಳಿಸಿಕೊಂಡಿದ್ದರೆ ಮಾತ್ರ ಇದು ಚೆನ್ನಾಗಿ ಸಾಧ್ಯ.

== ಕಪ್ಪು ಕಲ್ಲು, ಬಿಳಿ ಕಲ್ಲು ==

ಕ್ಯಾಮೆರಾದ ಬೆಳಕಿನ ಮಾಪಕವು ಎದುರಿನ ವಸ್ತು ಮಧ್ಯಮ ಬೂದು ಬಣ್ಣದ್ದು, ಅಂದರೆ ಸುಮಾರು ಶೇ. 18ರಷ್ಟು ಬೆಳಕನ್ನು ಮರಳಿಸುವಂಥದ್ದು ಎಂದು ಭಾವಿಸುತ್ತದೆ. ಆದ್ದರಿಂದ ಚಾಮರಾಜನಗರದ ಕಪ್ಪು ಗ್ರಾನೈಟ್ ಚಿತ್ರದಲ್ಲಿ ಬೂದಿಯಂತೆ ಬೆಳ್ಳಗಾಗುತ್ತದೆ, ಬಿಳಿ ಅಮೃತಶಿಲೆ ಮಂಕಾಗುತ್ತದೆ. ಬೆಳಕನ್ನು ಕಲ್ಲಿನಿಂದಲ್ಲ, ಬೂದು ಚೌಕದಿಂದ ಅಳೆದರೆ ಎರಡೂ ಸರಿಹೋಗುತ್ತವೆ.

ಹೊಳಪು ಕೊಟ್ಟ ಕಲ್ಲು ದೀಪವನ್ನೇ ಪ್ರತಿಫಲಿಸಿ ತನ್ನ ಬಣ್ಣವನ್ನು ಮರೆಮಾಡುತ್ತದೆ. ದೀಪಗಳಿಗೆ ಒಂದೇ ದಿಕ್ಕಿನ ಧ್ರುವೀಕರಣ ಹಾಳೆ ಹೊದಿಸಿ, ಮಸೂರದ ಧ್ರುವೀಕರಣ ಶೋಧಕವನ್ನು ಅದಕ್ಕೆ 90 ಡಿಗ್ರಿ ತಿರುಗಿಸಿದರೆ ಪ್ರತಿಫಲನ ಅಳಿದು ಒಳಬಣ್ಣ ಕಾಣುತ್ತದೆ. ಇದರ ಮಿತಿಯೆಂದರೆ ಹೊಳಪೂ ಅಳಿದುಹೋಗುವುದು. ಬಣ್ಣಕ್ಕೊಂದು, ಹೊಳಪಿಗೊಂದು ಎಂದು ಎರಡು ಚಿತ್ರ ಕೊಡುವುದೇ ಪ್ರಾಮಾಣಿಕ ಮಾರ್ಗ.

ಇಳಕಲ್ಲಿನ ಕೆಂಪು ಗ್ರಾನೈಟಿಗೆ ಇನ್ನೊಂದು ಎಚ್ಚರ ಬೇಕು. ಒಂದಕ್ಕೊಂದು ಅನುಪಾತದಲ್ಲಿ, ಪೂರ್ಣಗಾತ್ರದ ಸಂವೇದಕದಲ್ಲಿ ಸೆರೆಯಾಗುವುದು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ತುಣುಕು ಮಾತ್ರ. ಅಷ್ಟರಲ್ಲಿ ಕೆಂಪು ಫೆಲ್ಡ್‌ಸ್ಪಾರ್ ಹರಳುಗಳೇ ತುಂಬಿದ್ದರೆ ಇಡೀ ಕಲ್ಲು ಇನ್ನಷ್ಟು ಕೆಂಪೆಂಬ ಭ್ರಮೆ ಹುಟ್ಟುತ್ತದೆ. ಅಳತೆಪಟ್ಟಿಯೊಡನೆ ಚಪ್ಪಡಿಯ ಅಗಲವಾದ ನೋಟವೂ ಜೊತೆಗಿರಬೇಕು.

== ಹಲಸಿನ ಹಲಗೆಯ ಉದಾಹರಣೆ ==

ಮರದಲ್ಲಿ ಬಣ್ಣವೇ ನಿಲ್ಲುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಬಾಗಿಲು, ಕಂಬಗಳಿಗೆ ಬಳಕೆಯಲ್ಲಿರುವ ಹಲಸಿನ ತಿರುಳುಮರ, ಕೀಸುಳಿ ಹೊಡೆದ ದಿನ ಅರಿಸಿನದಂತೆ ಹಳದಿಯಾಗಿದ್ದು, ಗಾಳಿ ಬೆಳಕು ತಾಗಿದಂತೆ ಕಂದಾಗುತ್ತದೆ. ಹೊಸ ಹಲಗೆಯ ಚಿತ್ರ ಎಷ್ಟೇ ನಿಖರವಾಗಿದ್ದರೂ ಕೆಲವು ತಿಂಗಳಲ್ಲಿ ಸುಳ್ಳಾಗುತ್ತದೆ.

ಇದನ್ನು ಕಂಡುಕೊಳ್ಳಲು ಚೆನ್ನಾಗಿ ಒಣಗಿದ ಹಲಗೆಯೊಂದನ್ನು ಕೀಸಿ, ಎಣ್ಣೆ ಹಚ್ಚದೆ, ಅಂದೇ ಬಣ್ಣದ ಪಟ್ಟಿಯೊಡನೆ ಚಿತ್ರಿಸಬೇಕು. ಬಳಿಕ ಅರ್ಧಭಾಗವನ್ನು ದಪ್ಪ ಕಪ್ಪು ಕಾಗದದಿಂದ ಸುತ್ತಿ, ಮಳೆ ತಾಗದ ಬಿಸಿಲಿನಲ್ಲಿ ಕೆಲವು ವಾರ ಇಡಬೇಕು. ಕಾಗದ ತೆಗೆದಾಗ ನಡುವೆ ಗೆರೆ ಎಳೆದಂತೆ ಎರಡು ಬಣ್ಣ ಕಾಣುತ್ತದೆ. ಅದೇ ದೀಪ, ಅದೇ ಪಟ್ಟಿಯೊಡನೆ ತೆಗೆದ ಈ ಎರಡನೆಯ ಚಿತ್ರವೇ ಗ್ರಾಹಕನಿಗೆ ಹೆಚ್ಚು ಉಪಯುಕ್ತ. ಕೈಪಿಡಿಯಲ್ಲಿ ಎರಡನ್ನೂ ದಿನಾಂಕದೊಡನೆ ಅಚ್ಚುಮಾಡಬೇಕು.

ಹಲಸಿನ ಎಳೆಗಳು ಹಲವೆಡೆ ಒಂದಕ್ಕೊಂದು ಎದುರಾಗಿ ಹೆಣೆದುಕೊಂಡಿರುತ್ತವೆ. ಹಲಗೆಯನ್ನು ತಿರುಗಿಸಿಟ್ಟರೆ ತಿಳಿಯಾಗಿದ್ದ ಪಟ್ಟೆ ಗಾಢವಾಗುತ್ತದೆ. ಹಾಗಾದರೆ ಅದು ಎಳೆಯ ಆಟವೇ ಹೊರತು ಬಣ್ಣವಲ್ಲ. ತಿರುಗಿಸಿದರೂ ಬದಲಾಗದ ಪಟ್ಟೆ ಮಾತ್ರ ನಿಜಬಣ್ಣದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲಗೆ ತೇವ ಹೀರಿದ್ದರೆ ಬಣ್ಣ ಗಾಢವಾಗಿಯೇ ಬರುತ್ತದೆ, ಆದ್ದರಿಂದ ಚಿತ್ರಣಕ್ಕೆ ಬೇಸಗೆಯೇ ತಕ್ಕ ಕಾಲ.

ಅಚ್ಚಿನಲ್ಲಿ ಹಲಸಿನ ಹೊಸ ಹಳದಿ ತುಸು ಮಂಕಾಗಬಹುದು. ಅಂಥಲ್ಲಿ ಕರಡು ಅಚ್ಚನ್ನು ಹಲಗೆಯ ಪಕ್ಕದಲ್ಲಿಟ್ಟು, ಚಿತ್ರ ತೆಗೆದ ದೀಪದ ಕೆಳಗೂ ಹಗಲಿನ ಬೆಳಕಿನಲ್ಲೂ ಹೋಲಿಸುತ್ತಾರೆ. ಒಂದರಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದಿರುವುದು ಅಚ್ಚಿನ ಶಾಯಿಗೂ ಮರಕ್ಕೂ ಸಾಮಾನ್ಯವಾಗಿರುವ ವ್ಯತ್ಯಾಸ.