ಜೋಡಿ ವ್ಯಾಪಾರದ ಜಾರುವ ಅನುಪಾತ

ಅಮೆರಿಕದ ಪೇಟೆಯಲ್ಲಿ ಆಸ್ಟ್ರೇಲಿಯಾದ EWA, ಕೆನಡಾದ EWC ಎಂಬ ಇಟಿಎಫ್‌ಗಳು ಬಹುಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ. ಎರಡೂ ಗಣಿ ಸಂಪತ್ತಿನ ದೇಶಗಳಲ್ಲವೇ? ದುಬಾರಿಯಾದದ್ದನ್ನು ಮಾರಿ ಅಗ್ಗದ್ದನ್ನು ಕೊಳ್ಳುವುದೇ ಜೋಡಿ ವ್ಯಾಪಾರ.

ಎಷ್ಟಕ್ಕೆ ಎಷ್ಟು? ಹಳೆಯ ಬೆಲೆಗಳ ರಿಗ್ರೆಷನ್ 1.20 ಎಂದಿತೆನ್ನಿ: 100 EWCಗೆ 120 EWA. ಸಂಬಂಧ ಬದಲಾದರೂ ಆ ಅಂಕಿ ಕದಲದು.

ಕಾಲ್ಮನ್ ಫಿಲ್ಟರ್ ದಿನವೂ ತಪ್ಪಿನಿಂದ ಕಲಿಯುತ್ತದೆ. EWA 20 ಡಾಲರ್ ಇದ್ದರೆ EWC 24 ಇರಬೇಕು, 24.50 ಕಂಡಿತು. ತಪ್ಪು 0.50. ಅದನ್ನು 0.01ರ ತೂಕದಿಂದ ಗುಣಿಸಿ ಕೂಡಿಸಿದರೆ ಹೊಸ ಅನುಪಾತ 1.205. ಆ ತಪ್ಪೇ ವ್ಯಾಪಾರದ ಸೂಚನೆ ಕೂಡ.

ತೊಡಕು ಇಲ್ಲೇ. ತೂಕ ಹೆಚ್ಚಾದರೆ ಅನುಪಾತ ಬೆಲೆಯ ಬೆನ್ನುಹತ್ತಿ ಓಡುತ್ತದೆ, ತಪ್ಪು ಸೊನ್ನೆಯ ಸುತ್ತಲೇ ಸುಳಿಯುತ್ತದೆ. ನಕ್ಷೆ ಅಂದವಾಗಿ ಕಾಣುತ್ತದೆ, ಲಾಭ ಮಾತ್ರ ಬರುವುದಿಲ್ಲ.